ಗಿರ್ಮಿಟ್ ಅಂಗಡಿಗೆ ಹೋಗೂ ಹಾದಿ

ನಾ ಮಂದಿನ್ನ ನಡಸೂ ಕೆಲಸ ಮಾಡ್ತೇನಿ. ಖರೇ ಮಂದಿ ಅಲ್ಲ, ವಿಡಿಯೋ ಗೇಮಿನ್ಯಾಗಿನ ಮಂದಿ. ಆಡಾವ್ರು ಒಬ್ಬರನ್ನ ಆಡಸ್ತಾರ, ಉಳದ ಮಂದಿ ತಾವ ಓಡಾಡ್ಬೇಕು. ಗ್ವಾಡಿಗೆ ಡಿಕ್ಕಿ ಹೊಡೀಬಾರ್ದು, ಮಲಗಿದ ಆಕಳ ಮ್ಯಾಲೆ ಹಾದು ಹೋಗಬಾರ್ದು, ಬೇಕಾದ ಅಂಗಡಿ ಮುಂದ ನೆಟ್ಟಗ ಹೋಗಿ ನಿಲ್ಲಬೇಕು. ಅದನ್ನ ಮಾಡಾಕಿ ನಾನು. ನನಗ ಮಾತ್ರ ನಡ್ಯಾಕ ಬರೂದಿಲ್ಲ. ಒಂಬತ್ತು ವರ್ಷದಾಕಿ ಇದ್ದಾಗ ಲಾರಿ ಬಡದು ಸೊಂಟದ ಕೆಳಗ ಬಲ ಹೋತು, ಅವತ್ತಿಂದ ಗಾಲಿ ಕುರ್ಚಿ. ಇದನ್ನ ಹೇಳಿದ ಕೂಡ್ಲೆ ಮಂದಿ ಮಾರಿ ಸಪ್ಪಗ ಮಾಡ್ಕೋತಾರ. ಮಾಡ್ಕೋಬ್ಯಾಡ್ರಿ. ಕಾಲಿಂದ ಹೋದ ಜೋರೆಲ್ಲಾ ನಾಲಿಗಿಗೆ ಬಂದೈತಿ ಅಂತ ನಮ್ಮವ್ವ ಬೈತಿರ್ತಾಳ, ಅದು ಖರೇನ ಐತಿ.

ನಮ್ಮ ಆಫೀಸು ಗೋಕುಲ ರಸ್ತೆದಾಗ. ಒಂದ ಕಡೆ ಲೇಥ್ ಮಷೀನಿನ ವರ್ಕ್‌ಶಾಪು, ಇನ್ನೊಂದ ಕಡೆ ಟೈರಿನ ಗೋಡೌನು, ನಡಕ ನಾವು ಆರು ಮಂದಿ. ಮಾಲಕರು ಕಾಲೇಜಿನ್ಯಾಗ ನನಗಿಂತ ಎರಡು ವರ್ಷ ಮುಂದಿದ್ರು. ಮ್ಯಾಲಿನ ಮಜಲಾ ಸಸ್ತಾ ಸಿಗತಿದ್ರೂ ನನ್ನ ಸಲುವಾಗಿ ತಳದಾಗಿನ ಜಾಗಾ ಹಿಡದ್ರು. ಇದನ್ನ ಮೊದಲ ಬರದಿಡ್ತೇನಿ, ಯಾಕಂದ್ರ ಮುಂದ ಅವರನ್ನ ಭಾಳ ಬೈಯಾಕಿದ್ದೇನಿ.

ನಾವು ಮಾಡಾಕತ್ತಿದ್ದ ಗೇಮು ಇಷ್ಟ. ಹಳೇ ಹುಬ್ಬಳ್ಳಿಯಂಥಾ ಒಂದು ಓಣಿ, ಅದರಾಗ ಆಡಾವ್ರದೊಂದು ಗಿರ್ಮಿಟ್ ಅಂಗಡಿ. ಮುಂಜಾನಿಂದ ಸಂಜಿತನಕ ಚುರಮರಿ ಕಲಸಬೇಕು, ಮಿರ್ಚಿ ಕರೀಬೇಕು, ಬಂದ ಗಿರಾಕಿಗೆ ಹೊಟ್ಟಿ ತಣ್ಣಗ ಮಾಡಿ ಕಳಸ್ಬೇಕು. ಓಣಿಯನ್ನ ಕಟ್ಟಿದವರು ಆಫೀಸಿನ್ಯಾಗ ನಾವೆಲ್ಲಾ ಕಾಕಾ ಅನ್ನೂ ಹಿರಿಯರು. ಅರವತ್ತರ ಹತ್ರ ವಯಸ್ಸು, ಹಿಂದಕ ಅಂಗಡಿ ಬೋರ್ಡ್ ಬರೀತಿದ್ರು. ಪ್ಲಾಸ್ಟಿಕ್ ಬ್ಯಾನರ್ ಬಂದ ಮ್ಯಾಲೆ ಕಂಪ್ಯೂಟರಿನ್ಯಾಗ ಮನಿ, ಗ್ವಾಡಿ, ಗಟಾರ ಕಟ್ಟೂದ ಕಲತ್ರು. ಟೇಪ್ ಹಿಡದು ಖರೇ ಓಣ್ಯಾಗ ಅಡ್ಡಾಡಿ ಅಳತಿ ತಂದ ಮನಷ್ಯಾ. ಒಂದ ಇಟ್ಟಂಗಿ ಹೆಚ್ಚು ಕಡಿಮಿ ಆದ್ರೂ ಅವರಿಗೆ ಊಟ ಸೇರೂದಿಲ್ಲ.

ಅವರು ಕಟ್ಟಿದ ಓಣ್ಯಾಗ ಮಂದಿ ಹೆಂಗ ನಡೀತಾರ ಅನ್ನೂದನ್ನ ಹೇಳ್ತೇನಿ, ಕೇಳ್ರಿ. ಗೇಮಿನ್ಯಾಗಿನ ಮಂದಿಗೆ ಕಣ್ಣಿರೂದಿಲ್ಲ. ಆಟ ಸುರು ಆಗೂ ಮೊದಲ ಕಂಪ್ಯೂಟರು ಇಡೀ ಓಣಿಯನ್ನ ಸಣ್ಣ ಸಣ್ಣ ಡಬ್ಬಿಯಂಥಾ ತುಂಡಾಗಿ ಹೆಚ್ಚಿ ಒಂದೊಂದನ್ನೂ ಕೇಳ್ತೈತಿ. ಇಲ್ಲಿ ಕಾಲ ಇಡಾಕ ನೆಲ ಐತೇನು? ತಲಿ ತಾಗಲಾರದಷ್ಟು ಎತ್ತರ ಐತೇನು? ಇಳಿಜಾರು ಅತೀ ಆತೇನು? ಬಾಜೂ ತುಂಡಿಗೆ ಹೋಗಾಕ ಎಷ್ಟು ಮ್ಯಾಲೆ ಕಾಲ ಎತ್ತಬೇಕು? ಪಾಸಾದದ್ದನ್ನ ಉಳಿಸಿ, ಗ್ವಾಡಿ ಅಂಚಿನಿಂದ ಮೈಯ ಅರ್ಧ ಅಗಲದಷ್ಟು ಒಳಗ ಕತ್ತರಿಸಿ, ಮಿಕ್ಕಿದ್ದನ್ನ ಮೂರು ಮೂಲಿ, ನಾಲ್ಕು ಮೂಲಿಯ ದೊಡ್ಡ ತುಂಡುಗಳಾಗಿ ಜೋಡಿಸಿ ನೆಲದ ಮ್ಯಾಲೆ ಹಾಸ್ತೈತಿ. ಅದಕ್ಕ ನಾವು ನ್ಯಾವ್‌ಮೆಶ್ ಅಂತೇವಿ. ನಮ್ಮ ಪರದೆ ಮ್ಯಾಲೆ ಅದು ನೀಲಿ ಹಾಸಿನಂಗ ಕಾಣ್ತೈತಿ. ನೀಲಿ ಇದ್ದಲ್ಲಿ ನಡೀಬಹುದು, ಇಲ್ಲದಲ್ಲಿ ಅವರ ಪಾಲಿಗೆ ಜಗತ್ತ ಇಲ್ಲ.

ಹಾದಿ ಹುಡಕೂದು ಆಮ್ಯಾಲಿನ ಕೆಲಸ. ಒಂದ ನೀಲಿ ತುಂಡಿನಿಂದ ಬಾಜೂ ತುಂಡಿಗೆ ಹೋಗ್ಕೋತ, ಇಲ್ಲಿತನ ಬಂದದ್ದೆಷ್ಟು, ಇಲ್ಲಿಂದ ಅಂಗಡಿ ನೆಟ್ಟಗ ಹಿಡದ್ರ ಎಷ್ಟು ದೂರ, ಎರಡೂ ಕೂಡಿಸಿ ಯಾವುದು ಕಡಿಮಿನೋ ಅದನ್ನ ಮೊದಲ ತಪಾಸ್ತೈತಿ. ಹಂಗ ಸಿಕ್ಕ ತುಂಡುಗಳ ಒಳಗ ದಾರ ಹಾಕಿ ಬಿಗಿಯಾಗಿ ಎಳದ್ರ ಹೆಂಗೋ ಹಂಗ, ಮೂಲಿಗಳನ್ನಷ್ಟ ಸವರಿಕೊಂಡು ಹೋಗೂ ಹಾದಿ ಬರ್ತೈತಿ. ಆಕಳ ಬಂದು ಮಲಗಿದ್ರ ಹಾಸಿನ್ಯಾಗ ಅಷ್ಟು ತೂತು ಕೊರದು ಮತ್ತ ಹುಡಕಬೇಕು. ಎದುರಿಗೆ ಬಂದವರನ್ನ ಸ್ವಲ್ಪ ಸರದು ದಾಟಬೇಕು. ಇದೆಲ್ಲಾ ಛಲೋ ನಡದಿತ್ತು. ನಲವತ್ತು ಮಂದಿ ಓಣ್ಯಾಗ ಒಬ್ಬರಿಗೊಬ್ಬರು ತಾಗಲಾರದಂಗ ಓಡಾಡೂದನ್ನ ನೋಡಿ ನನಗ ಹೆಮ್ಮಿ ಆಗತಿತ್ತು, ಸುಳ್ಳ ಯಾಕ ಹೇಳ್ಲಿ.

ಆವಾಗ ಒಂದಿನ ನನಗ ಅನಿಸ್ತು, ನಲವತ್ತು ಮಂದಿ ಒಳಗ ನನ್ನಂಥಾಕಿ ಒಬ್ಬಾಕಿನೂ ಇಲ್ಲಲ್ಲ ಅಂತ. ನಾ ಮಾಡಿದ ಊರಾಗ ನಾನ ಇಲ್ಲ. ಸಿಟ್ಟ ಬಂತು, ಬ್ಯಾರೆ ಯಾರ ಮ್ಯಾಲೂ ಅಲ್ಲ, ನನ್ನ ಮ್ಯಾಲೆ. ಮಾಲಕರನ್ನ ಕೇಳಲಾರದನ ಒಬ್ಬ ಸಾಲಿ ಅಕ್ಕೋರನ್ನ ಮಾಡಿದೆ. ನಡುವಯಸ್ಸಿನಾಕಿ, ಗಾಲಿ ಕುರ್ಚಿ ಮ್ಯಾಲೆ ಬರ್ತಾಳ, ಗಿರ್ಮಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚಿಗೆ ಹಾಕ್ರಿ ಅಂತಾಳ. ಆಕಿ ಮೈ ಅಗಲ ಬ್ಯಾರೆ, ಆಕಿ ಏರಬಹುದಾದ ಮೆಟ್ಟಲಾ ಬ್ಯಾರೆ. ನಡ್ಯಾವ್ರಿಗೆ ಮೂವತ್ತೈದು ಸೆಂಟಿಮೀಟರ್ ಕೊಟ್ಟಿದ್ದೆ, ಆಕಿಗೆ ನಾಕ ಸೆಂಟಿಮೀಟರ್ ಕೊಟ್ಟೆ. ಅದಕ್ಕ ಆಕಿಗೆ ಇನ್ನೊಂದು ಹಾಸು ಬೇಕು. ಅದಕ್ಕ ಕೆಂಪ ಬಣ್ಣಾ ಕೊಟ್ಟು ಮಷೀನಿಗೆ ಮಾಡಾಕ ಹಚ್ಚಿದೆ.

ಹಾಸು ಬಂದಾಗ ನಾ ಕೀಬೋರ್ಡಿನಿಂದ ಕೈ ತಗದು ನೋಡಿದೆ. ನೀಲಿಯೊಳಗ ಇಡೀ ಓಣಿ ಒಂದ ತುಂಡು. ಕೆಂಪಿನ್ಯಾಗ ನಡು ರಸ್ತೆ ಒಂದಿಷ್ಟು, ಅದರ ಅಕ್ಕಪಕ್ಕ ಹರದ ರೊಟ್ಟಿ ಚೂರಿನಂಗ ಬಿದ್ದಿದ್ವು. ನಮ್ಮೂರಿನ್ಯಾಗ ಪ್ರತಿಯೊಬ್ಬ ಅಂಗಡಿಯಾಂವ ಗಟಾರದ ಮ್ಯಾಲೆ ತನ್ನದೊಂದು ಪರಸಿಕಲ್ಲಿನ ಚಪ್ಪಡಿ ಹಾಸ್ಕೋತಾನ, ಒಬ್ಬಂದು ಒಂದ ಗೇಣ ಎತ್ತರ, ಇನ್ನೊಬ್ಬಂದು ಅರ್ಧ ಗೇಣ. ಕಾಕಾ ಎಲ್ಲಾ ಚಪ್ಪಡಿನೂ ಅಳದು ಹಾಕಿದ್ರು. ಗಿರ್ಮಿಟ್ ಅಂಗಡಿದು ಹದಿನೈದು ಸೆಂಟಿಮೀಟರ್. ಮಂದಿ ನಿಂತು ತಿನ್ನೂದು ಅದರ ಮ್ಯಾಲೆ. ಕೆಂಪ ಹಾಸು ಅಲ್ಲಿತನ ಬಂದು ಅಂಚಿಗೆ ನಿಂತಿತ್ತು.

ಆ ಶುಕ್ರವಾರ ಎಲ್ಲಾರೂ ಕೂಡಿ ಆಟ ನೋಡಾಕ ಕುಂತಾಗ ಅಕ್ಕೋರು ಬಂದ್ಲು. ಹಾದಿ ಪೂರ್ತಿ ಸಿಗದಿದ್ರ ಕಂಪ್ಯೂಟರು ಹತ್ರಂದ್ರ ಹತ್ರದ ಜಾಗಾಕ್ಕ ಕಳಸ್ತೈತಿ. ಚಪ್ಪಡಿಯ ಎಡಕ್ಕೊಂದು, ಬಲಕ್ಕೊಂದು, ಎರಡೂ ಜಾಗಾ ಅಂಗಡಿಗೆ ಸುಮಾರು ಅಷ್ಟ ದೂರ. ಅರ್ಧ ಸೆಕೆಂಡಿಗೊಮ್ಮೆ ಹಾದಿ ಮತ್ತ ಕೇಳಿದಾಗ ಒಮ್ಮೆ ಎಡಕ್ಕ ಅಂತಿತ್ತು, ಒಮ್ಮೆ ಬಲಕ್ಕ ಅಂತಿತ್ತು. ಆಕಿ ಕುರ್ಚಿ ಅತ್ಲಾಗ ಇತ್ಲಾಗ ಗಿರಗಿರ ತಿರಗಾಕತ್ತು. ಎಲ್ಲಾರೂ ನಕ್ಕರು. ಕೆಟ್ಟ ಮನಸಿನಿಂದ ನಗಲಿಲ್ಲ, ನಗು ಬರೂವಂಗನ ಇತ್ತು. ಆದ್ರ ನಕ್ಕದ್ದ ನೆನಪಾದ ಕೂಡ್ಲೆ ಎಲ್ಲಾರೂ ನನ್ನ ಕಡೆ ನೋಡಿ ಸುಮ್ನಾದ್ರು. ಆ ಸುಮ್ನಾಗೂದ ನನಗ ಹೆಚ್ಚು ಹತ್ತಿತು.

ಮಾಲಕರು ಆಮ್ಯಾಲೆ ನನ್ನ ಟೇಬಲ್ಲಿಗೆ ಬಂದ್ರು. "ನೋಡ್ರಿ, ಒಂದು ಕೆಲಸ ಮಾಡ್ರಿ. ಆಕಿನ್ನೂ ನೀಲಿ ಮ್ಯಾಲ ಬಿಡ್ರಿ. ಕುರ್ಚಿ ಚಪ್ಪಡಿ ಏರಿ ಹೋಗ್ಲಿ. ಯಾರ ನೋಡ್ತಾರ?"

"ಗಾಳ್ಯಾಗ ತೇಲಿಕೊಂಡು ಹೋಗ್ತೈತ್ರಿ ಅದು. ಯಾರ ನೋಡದಿದ್ರೂ ನಾ ನೋಡ್ತೇನಿ," ಅಂದೆ.

"ಹಂಗಾದ್ರ ಮುಂದಿನ ಶುಕ್ರವಾರತನ ಟೈಮು. ಆಕಿ ನೆಟ್ಟಗ ಅಂಗಡಿ ಮುಟ್ಟಬೇಕು. ಇಲ್ಲಾಂದ್ರ ತಗದು ಬಿಡೂಣು. ಆಕಿನ್ನ ನೋಡಿ ಮಂದಿ ನಗೂದಕ್ಕಿಂತ ಆಕಿ ಇಲ್ಲದಿರೂದ ಛಲೋ." ಅವರ ಮಾತಿನ್ಯಾಗ ನ್ಯಾಯ ಇತ್ತು, ಅದಕ್ಕ ಇನ್ನೂ ಸಿಟ್ಟ ಬಂತು. ತಗಿಯೂದಂತೂ ಆಗೂದಿಲ್ಲ ಅಂತ ಅವತ್ತ ಗಟ್ಟಿ ಮಾಡ್ಕೊಂಡೆ.

ಸೋಮವಾರ ಕಾಕಾನ ಹತ್ರ ಹೋಗಿ, ಗಿರ್ಮಿಟ್ ಅಂಗಡಿ ಮುಂದ ಒಂದು ಇಳಿಜಾರು ಕಟ್ಟಿಕೊಡ್ರಿ ಅಂದೆ. ಕಾಕಾ ಕನ್ನಡಕ ತಗದ್ರು. "ತಂಗಿ, ಆ ಓಣ್ಯಾಗ ಅಂಥಾದ್ದೊಂದೂ ಇಲ್ಲ. ಊರಾಗ ಇಲ್ಲದ್ದು ನಾ ಹೆಂಗ ಕಟ್ಲಿ?" ನಾ ಬಿಡಬೇಕಲ್ಲ. ತಲಿ ತಿಂದೆ. ಕಡೀಕ ಬ್ಯಾಸತ್ತು, ಮಾರಿ ಗಂಟ ಹಾಕ್ಕೊಂಡು ಒಂದು ಕಟ್ಟಿಕೊಟ್ರು. ಹಾಸು ಮತ್ತ ಮಾಡಿದೆ. ಇಳಿಜಾರಿನ ಮ್ಯಾಲೆ ಕೆಂಪು ಬಂತು, ಆದ್ರ ಮೂರು ಚೂರಾಗಿ ಬಂತು. ಅಕ್ಕೋರು ಕೆಳಗ ನಿಂತ್ಲು.

ನಾ ಕಾಕಾನ ಮ್ಯಾಲೆ ಹರಿಹಾಯ್ದೆ. ಇಷ್ಟು ವರ್ಷಾತು, ಒಂದು ಇಳಿಜಾರು ಸಪಾಟ ಕಟ್ಟಾಕ ಬರೂದಿಲ್ಲೇನ್ರಿ, ಬೇಕಂತನ ಮೆಟ್ಟಲಾ ಮಾಡೀರಿ ಅಂತ ಅಂದಬಿಟ್ಟೆ. ಕಾಕಾ ತಾವು ಕಟ್ಟಿದ್ದನ್ನ ದೊಡ್ಡದು ಮಾಡಿ ಪರದೆ ಮ್ಯಾಲ ತೋರಿಸಿದ್ರು. ಹದಿನೈದು ಸೆಂಟಿಮೀಟರ್ ಎತ್ತರಕ್ಕ ಒಂದೂವರಿ ಮೀಟರ್ ಉದ್ದ, ಕನ್ನಡಿಯಂಗ ಸಪಾಟ.

ತಪ್ಪು ನಂದು ಇತ್ತು. ಆ ಡಬ್ಬಿಯಂಥಾ ತುಂಡು ಅಂದ್ನಲ್ಲ, ಅದರ ಎತ್ತರ ನಾ ಹತ್ತು ಸೆಂಟಿಮೀಟರ್ ಇಟ್ಟಿದ್ದೆ. ನಡ್ಯಾವ್ರಿಗೆ ಅಷ್ಟು ಸಾಕು. ಅಕ್ಕೋರಿಗೆ ಕೊಟ್ಟಿದ್ದು ನಾಕ ಸೆಂಟಿಮೀಟರ್, ಅದರಾಗ ಹತ್ತರ ಡಬ್ಬಿ ಒಂದೂ ಹಿಡೀಲಿಲ್ಲ, ಲೆಕ್ಕ ಸೊನ್ನೆ ಆತು. ಕಾಕಾನ ಸಪಾಟ ಇಳಿಜಾರು ಮಷೀನಿಗೆ ಹತ್ತು ಹತ್ತು ಸೆಂಟಿಮೀಟರಿನ ಮೆಟ್ಟಲಾ ಆಗಿ ಕಂಡು, ಒಂದೊಂದು ಮೆಟ್ಟಲಾನೂ ಆಕಿ ಪಾಲಿಗೆ ಗ್ವಾಡಿ ಆಗಿತ್ತು. ಕುಣಿಲಾರದಾಕಿ ನೆಲ ಡೊಂಕ ಅಂದಳಂತ, ಆಕಿ ನಾನ. ಡಬ್ಬಿ ಎತ್ತರ ಎರಡು ಸೆಂಟಿಮೀಟರಿಗೆ ಇಳಿಸಿದೆ. ಎರಡು ನಿಮಿಷದಾಗ ಆಗೂ ಹಾಸು ಮುಕ್ಕಾಲ ತಾಸು ತಿಂತು, ಆದ್ರ ಇಳಿಜಾರು ಒಂದ ತುಂಡಾಗಿ ಕೆಂಪಾತು. ಮರುದಿನ ಕಾಕಾಗ ಮನಿಯಿಂದ ಶೇಂಗಾ ಹೋಳಿಗಿ ಒಯ್ದು, "ತಪ್ಪಾತ್ರಿ ಕಾಕಾ" ಅಂದೆ. "ಹೋಳಿಗಿ ಛಲೋ ಆಗ್ಯಾವು," ಅಂದ್ರು ಅವರು, ಅಷ್ಟ.

ಅಲ್ಲಿಗೆ ಕೆಲಸ ಮುಗೀಬೇಕಿತ್ತು. ಅಕ್ಕೋರು ಅಂಗಡಿ ಮುಟ್ಟಿದ್ಲು. ಆದ್ರ ಕಾಕಾ ಆ ಇಳಿಜಾರನ್ನ ನೋಡಿದಾಗೆಲ್ಲಾ ಹಲ್ಲಾಗ ಹರಳ ಸಿಕ್ಕವರಂಗ ಮಾಡ್ತಿದ್ರು, ಮತ್ತ ಖರೇ ಹೇಳ್ಬೇಕಂದ್ರ ನನಗೂ ಅದು ಸುಳ್ಳ ಅನಿಸ್ತಿತ್ತು. ನಾ ದಿನಾ ಅಡ್ಡಾಡೂ ಊರಾಗ ಯಾರೂ ನನ್ನ ಸಲುವಾಗಿ ಹಂಗ ಕಟ್ಟಿಟ್ಟಿಲ್ಲ. ಕಟ್ಟ್ಯಾರ ಅಂತ ಗೇಮಿನ್ಯಾಗ ಯಾಕ ಸುಳ್ಳ ಹೇಳ್ಬೇಕು? "ಕಾಕಾ, ನಡೀರಿ, ಹೋಗಿ ನೋಡೂಣು," ಅಂದೆ. ಬುಧವಾರ ಮುಂಜಾನೆ ನಾ ನನ್ನ ನಾಕ ಗಾಲಿ ಸ್ಕೂಟರಿನ ಮ್ಯಾಲೆ, ಕಾಕಾ ನನ್ನ ಕುರ್ಚಿ ಹೇರಿಕೊಂಡು ಆಟೋದಾಗ, ಖರೇ ಓಣಿಗೆ ಹೋದ್ವಿ.

ಅಂಗಡಿ ತಗಿಯೂ ಹೊತ್ತು ಅದು. ಕಾಕಾ ಅಳತಿ ತಗೊಳ್ಳಾಕ ಅಲ್ಲಿಗೆ ಬರ್ತಿದ್ದದ್ದು ಯಾವಾಗ್ಲೂ ಮಧ್ಯಾಹ್ನ, ಬಿಸಲ ಛಲೋ ಇರ್ತೈತಂತ. ಅದಕ್ಕ ಅವರು ಒಂದನ್ನ ಎಂದೂ ನೋಡಿರಲಿಲ್ಲ. ರಾತ್ರಿ ಅಂಗಡ್ಯಾಗ ಇಟ್ಟ ಮೊಪೆಡ್ಡು, ಬೈಕುಗಳನ್ನ ಮುಂಜಾನೆ ಎಲ್ಲಾರೂ ಹೊರಗ ಇಳಿಸ್ತಿದ್ರು. ಕೆಲವರು ಚಪ್ಪಡಿ ಮೂಲಿಗೆ ಒಂದಿಷ್ಟು ಸಿಮೆಂಟ್ ಬಳದು ಸಣ್ಣ ಇಳಿಜಾರು ಮಾಡಿದ್ರು, ಉಳದವರು ಕಟಗಿ ಹಲಗಿ ಹಾಕಿ ಗಾಡಿ ಇಳಿಸಿ, ಹಲಗಿ ಎತ್ತಿ ಗ್ವಾಡಿಗೆ ಆನಿಸಿ ಇಡ್ತಿದ್ರು. ಕಾಕಾ ಟೇಪ್ ತಗದವರ ಓಡ್ಯಾಡಾಕತ್ರು. ಸಿಮೆಂಟಿನವು ಭಾಳ ಕಡಿದು ಇದ್ವು, ನನ್ನ ಕುರ್ಚಿ ಏರೂವಂಗ ಇರಲಿಲ್ಲ. ಹಲಗಿ ಉದ್ದ ಇದ್ವು, ಅಡ್ಡಿ ಇರಲಿಲ್ಲ.

ಗಿರ್ಮಿಟ್ ಅಂಗಡಿಯವರು ನನ್ನ ಗುರ್ತಿನವರ. ಎಷ್ಟೋ ವರ್ಷದಿಂದ ನಾ ಸ್ಕೂಟರ್ ಮ್ಯಾಲೆ ಕುಂತ ಹಾರ್ನ್ ಹೊಡದ್ರ ಪ್ಲೇಟು ಅಲ್ಲಿಗೇ ಬರ್ತಿತ್ತು. ಅವತ್ತ ಕುರ್ಚಿ ಮ್ಯಾಲೆ ಕುಂತು ಅವರ ಚಪ್ಪಡಿ ಕೆಳಗ ನಿಂತೆ. ಕೇಳಾಕ ಬಾಯಿ ಬರಲಿಲ್ಲ. ಇಡೀ ಆಫೀಸಿಗೆ ಬಾಯಿ ಮಾಡಾಕಿ, ಒಂದು ಹಲಗಿ ಕೇಳಲಾರದ ಗ್ವಾಡಿ ನೋಡ್ಕೋತ ಕುಂತೆ. ಅವರು ನನ್ನ ನೋಡಿದ್ರು, ಕುರ್ಚಿ ನೋಡಿದ್ರು, ಈಗಷ್ಟ ಎತ್ತಿಟ್ಟ ಹಲಗಿ ನೋಡಿದ್ರು.

"ಹಲಗಿ ಹಾಕ್ಲೇನ್ರಿ ಅಕ್ಕಾರ?"

"ಹಾಕ್ರಿ," ಅಂದೆ.

ಮ್ಯಾಲೆ ಹೋದೆ. ಒಲಿ ಕಾವು ಮಾರಿಗೆ ಬಡೀತು. ಕಡಾಯಿ ಎಷ್ಟು ದೊಡ್ಡದೈತಿ ಅನ್ನೂದು ಅವತ್ತ ಗೊತ್ತಾತು. ಅವರು ಚುರಮರಿ ಕಲಸ್ಕೋತ, "ನೀವು ಗಾಡಿ ಮ್ಯಾಲೇನ ತಿನ್ನೂದು ಪಸಂತ ಮಾಡ್ತೀರಿ ಅಂತ ತಿಳದಿದ್ದೆ ನೋಡ್ರಿ," ಅಂದ್ರು. ನನಗ ಅಳು ಬಂತು, ಅದನ್ನ ಮೆಣಸಿನಕಾಯಿ ಖಾರದ ಮ್ಯಾಲೆ ಹಾಕಿದೆ. ಅವರು ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ, ಇಷ್ಟು ವರ್ಷ ಹಲಗಿ ಗ್ವಾಡಿಗೆ ಆನಿಕೊಂಡ ನಿಂತಿತ್ತು.

ಆಫೀಸಿಗೆ ಬಂದವರ ಕಾಕಾ ಸುಳ್ಳ ಇಳಿಜಾರನ್ನ ಕಿತ್ತು ಒಗದ್ರು. ಅದರ ಜಾಗಾದಾಗ ಗ್ವಾಡಿಗೆ ಆನಿಸಿದ ಒಂದು ಹಲಗಿ ಬಂತು, ಗೆಣ್ಣು ಗೆರಿ ಸಮೇತ. ನಾ ರಸ್ತೆಯ ಕೆಂಪು ಹಾಸಿಗೂ ಚಪ್ಪಡಿ ಮ್ಯಾಲಿನ ಕೆಂಪು ಚೂರಿಗೂ ನಡುವ ಒಂದು ಕೊಂಡಿ ಹಾಕಿದೆ. ಹಾಸು ಕೂಡಲಾರದ ಎರಡು ಜಾಗಾ ಕೂಡಸಾಕ ನಾವು ಹಾಕೂದು ಅದನ್ನ. ಹಲಗಿ ಎದ್ದಿದ್ರ ಕೊಂಡಿ ಬಂದ್, ಬಿದ್ದಿದ್ರ ಚಾಲೂ. ಚಾಲೂ ಆದ ಕೂಡ್ಲೆ ಆಕಿ ಹಾದಿ ಮತ್ತ ಹುಡಕಿದಾಗ ಅಂಗಡಿ ಸಿಗ್ತೈತಿ. ಹಾದಿ ಅರ್ಧಕ್ಕ ನಿಂತ್ರ ಗಿರಗಿರ ತಿರಗೂದನ್ನೂ ಬಿಡಿಸಿದೆ. ಹತ್ರದ ಒಂದು ಜಾಗಾಕ್ಕ ಬಂದು, ಅಲ್ಲೇ ಗಟ್ಟಿಯಾಗಿ ನಿಂತು, ಅಂಗಡಿ ಕಡೆ ಮಾರಿ ಮಾಡಿ, ಆಗೊಮ್ಮೆ ಈಗೊಮ್ಮೆ ಕೈ ಎತ್ತಬೇಕು. ಹಲಗಿ ಹಾಕೂದು ಆಡಾವ್ರ ಕೈಯಾಗ.

ಮಾಲಕರಿಗೆ ಇದು ಸೇರಲಿಲ್ಲ. "ಆಡಾವ್ರಿಗೆ ಹೆಂಗ ಗೊತ್ತಾಗಬೇಕ್ರಿ? ಹಲಗಿ ಮ್ಯಾಲೆ ಒಂದು ಬಾಣದ ಗುರ್ತು ಹಾಕ್ರಿ. ಇಲ್ಲಾ ತಾನ ಬೀಳ್ಲಿ."

"ಖರೇ ಓಣ್ಯಾಗ ಬಾಣ ಐತೇನ್ರಿ?"

"ಯಾರೂ ಹಾಕಲಿಲ್ಲಂದ್ರ?"

"ಹಾಕದಿದ್ರ ಆಕಿ ನಿಂತಿರ್ತಾಳ. ಹೋಗೂದಿಲ್ಲ."

ಅವರು ತಲಿ ಕೆರಕೊಂಡ್ರು. "ಆತು. ಶುಕ್ರವಾರ ನಮ್ಮ ವೈನಿನ್ನ ಕರಸ್ತೇನಿ. ಅವರಿಗೆ ಏನೂ ಹೇಳಬಾರ್ದು. ಅವರಿಗೆ ತಿಳೀಲಿಲ್ಲಂದ್ರ ಅಕ್ಕೋರನ್ನ ತಗದ ಬಿಡೂದು. ಕಬೂಲೇನು?"

ಕಬೂಲ ಅಂದೆ.

ಮಾಲಕರ ಅಣ್ಣನ ಹೆಂಡ್ತಿ ಅವರು, ವಿದ್ಯಾನಗರದಾಗ ಬ್ಲೌಸ್ ಹೊಲಿಯೂ ಅಂಗಡಿ ಇಟ್ಟಾರ. ಗಿರಾಕಿ ಸಂಬಾಳಿಸೂದು ಅವರಿಗೆ ನೀರ ಕುಡದಂಗ. ಅರ್ಧ ತಾಸಿನ್ಯಾಗ ಆಟ ಕೈಗೆ ಹತ್ತಿತು. ಚುರಮರಿ ಇತ್ಲಾಗ, ಮಿರ್ಚಿ ಅತ್ಲಾಗ, ಗದ್ಲೋ ಗದ್ಲ. ಗೇಮಿನ್ಯಾಗ ಮುಂಜಾನೆ ಹತ್ತರ ಸುಮಾರಿಗೆ ಅಕ್ಕೋರು ಬಂದು ಚಪ್ಪಡಿ ಕೆಳಗ ನಿಂತ್ಲು. ಕೈ ಎತ್ತಿದ್ಲು. ವೈನಿ ಎಣ್ಣಿ ನೋಡಾಕತ್ತಿದ್ರು.

ಮಾಲಕರು ಬಾಯಿ ತಗದ್ರು, ನಾ ಅವರ ತೋಳ ಹಿಡದೆ.

ಹನ್ನೆರಡು ಹೊಡೀತು. ಮಂದಿ ಬರಾಕತ್ರು, ಹೋಗಾಕತ್ರು. ನನ್ನ ಕೆಲಸ ಎಷ್ಟು ಛಲೋ ಆಗಿತ್ತಂದ್ರ ಒಬ್ಬರೂ ಆಕಿಗೆ ತಾಗಲಿಲ್ಲ. ನಲವತ್ತು ಮಂದಿ ನಲವತ್ತು ಸಲ, ಹಾದ್ಯಾಗಿನ ಕಲ್ಲ ಸುತ್ತಿ ಹೋದಂಗ ಆಕಿನ್ನ ಸುತ್ತಿ ಅಂಗಡಿ ಏರಿದ್ರು. ಹಂಗ ಸುತ್ತಿ ಹೋಗಾಕ ಅವರಿಗೆ ಕಲಿಸಿದಾಕಿ ನಾನು. ಕಾಕಾ ನನ್ನ ಕಡೆ ಒಮ್ಮೆ ನೋಡಿ ಮತ್ತ ಪರದೆ ನೋಡಿದ್ರು. ಆಕಿ ಕೈ ಎತ್ತಿದ್ಲು, ಇಳಿಸಿದ್ಲು. ಜಾಗಾ ಬಿಟ್ಟು ಕದಲಲಿಲ್ಲ.

ಗೇಮಿನ್ಯಾಗ ಸಂಜಿ ಆತು. ಗದ್ಲ ಕರಗಿತು. ವೈನಿ ಕಡಾಯಿ ಇಳಿಸಿ, ಅಂಗಡಿ ಮುಚ್ಚಾಕಂತ ಮುಂದ ನೋಡಿದ್ರು. ಅವರ ಕೈ ನಿಂತಿತು.

"ಇಕಿ ಯಾವಾಗ ಬಂದ್ಲು?"

ನಾನ ಹೇಳಿದೆ. "ಮುಂಜಾನೆ ಬಂದಾಳ್ರಿ."

"ಮುಂಜಾನಿಂದ ಇಲ್ಲೇ ಅದಾಳೇನು?"

"ಹೌದ್ರಿ."

ವೈನಿ ಪರದೆ ಹತ್ರ ಬಗ್ಗಿದ್ರು. ಚಪ್ಪಡಿ ಅಂಚು ನೋಡಿದ್ರು, ಕುರ್ಚಿ ಗಾಲಿ ನೋಡಿದ್ರು, ಅಂಗಡಿ ಒಳಗೆಲ್ಲಾ ಕಣ್ಣಾಡಿಸಿದ್ರು. ಗ್ವಾಡಿಗೆ ಆನಿಸಿದ ಹಲಗಿ ಕಂಡಿತು. ಒತ್ತಿದ್ರು. ಹಲಗಿ ಬಿತ್ತು, ಕೊಂಡಿ ಕೂಡಿತು, ಅಕ್ಕೋರು ತಡಾ ಮಾಡಲಾರದ ಏರಿ ಬಂದು ಉಳ್ಳಾಗಡ್ಡಿ ಹೆಚ್ಚಿಗೆ ಹಾಕ್ರಿ ಅಂದ್ಲು. ವೈನಿ ಇಳಿಸಿದ ಕಡಾಯಿ ಮತ್ತ ಒಲಿಗೆ ಏರಿಸಿದ್ರು.

ದಿನ ಮುಗದಿತ್ತು, ಅವರು ಏಳಲಿಲ್ಲ. ಯಾರನ್ನೂ ಕೇಳಲಾರದ ಮರುದಿನದ ಆಟ ಸುರು ಮಾಡಿದ್ರು. ಒಲಿ ಹಚ್ಚೂಕಿಂತ ಮೊದಲ ಹೋಗಿ ಹಲಗಿ ಹಾಕಿದ್ರು.

ಮಾಲಕರು ಗಂಟಲ ಸರಿ ಮಾಡ್ಕೊಂಡ್ರು. "ವೈನಿ, ಆಕಿ ಒಬ್ಬಾಕಿ ಸಲುವಾಗಿ ಬ್ಯಾರೆ ಹಾಸು, ಬ್ಯಾರೆ ಹಾದಿ, ಮಷೀನಿಗೆ ಭಾರ ಆಗ್ತೈತಿ. ಆಕಿನ್ನ ತಗೀಬೇಕೋ ಇಡ್ಬೇಕೋ ಅಂತ ನಾವು ವಿಚಾರ ಮಾಡಾಕತ್ತೇವಿ."

ವೈನಿ ಓಣಿಯ ಆ ತುದಿ ಕಡೆ ನೋಡ್ಕೋತ ಕುಂತಿದ್ರು, ಅಕ್ಕೋರು ಇನ್ನೂ ಬಂದಿರಲಿಲ್ಲ.

"ತಗದ್ರ ಈ ಹಲಗಿ ಯಾರಿಗೆ ಹಾಕ್ಲಿ?" ಅಂದ್ರು.